ಬಾಟಮ್‌ಲೆಸ್ ಪೋರ್ಟಾಫಿಲ್ಟರ್ ಓದುವುದು ಹೇಗೆ: ಕಾಫಿ ಎಲ್ಲಿ ಚಿಮ್ಮುತ್ತಿದೆ, ಯಾವಾಗ, ಯಾವ ಬಣ್ಣದಲ್ಲಿ

ಎಸ್ಪ್ರೆಸ್ಸೊ ಯಂತ್ರಕ್ಕೆ ಕಾಫಿಪುಡಿ ತುಂಬಿ ಸಿಕ್ಕಿಸುವ, ಹಿಡಿಕೆ ಇರುವ ಸಾಧನಕ್ಕೆ ಪೋರ್ಟಾಫಿಲ್ಟರ್ ಅಂತಾರೆ. ಮೂತಿ ಇರುವ ಪೋರ್ಟಾಫಿಲ್ಟರ್ ನಿಮ್ಮ ತಪ್ಪನ್ನು ಮುಚ್ಚಿಡುತ್ತದೆ. ಒಳಗೆ ಏನೇ ಆಗಿರಲಿ, ಕೆಳಗೆ ಎರಡು ಚಂದದ ಧಾರೆ ಇಳಿಯುತ್ತದೆ. ಮೂತಿ ಇಲ್ಲದ್ದರಲ್ಲಿ, ಅಂದರೆ ಬಾಟಮ್‌ಲೆಸ್‌ನಲ್ಲಿ, ಪುಡಿ ತುಂಬುವ ಬಾಸ್ಕೆಟ್ಟಿನ ತಳ ಪೂರ್ತಿ ಬಯಲು. ಕಾಫಿ ಯಾವ ತೂತಿನಿಂದ ಮೊದಲು ಬಂತು, ಯಾವ ಮೂಲೆ ಒಣಗಿಯೇ ಉಳಿಯಿತು, ಎಲ್ಲಿಂದ ಪಿಚಕಾರಿ ಹಾರಿ ಗೋಡೆಗೆ ಬಿತ್ತು ಎಲ್ಲ ಕಾಣುತ್ತದೆ.

ಬೆಂಗಳೂರಿನಲ್ಲಿ ಈಗ ಮನೆಯಲ್ಲೇ ಎಸ್ಪ್ರೆಸ್ಸೊ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಬಾಟಮ್‌ಲೆಸ್ ಕೊಂಡ ಮೇಲೆ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಚಿಮ್ಮುತ್ತಿದೆ, ಏನು ಮಾಡಲಿ?" ಚಿಮ್ಮುತ್ತಿದೆ ಅನ್ನುವುದರಿಂದ ಅಷ್ಟೇನೂ ಗೊತ್ತಾಗುವುದಿಲ್ಲ. ಎಲ್ಲಿ ಚಿಮ್ಮಿತು, ಎಷ್ಟನೇ ಸೆಕೆಂಡಿಗೆ ಚಿಮ್ಮಿತು, ಮುಂದಿನ ಶಾಟ್‌ನಲ್ಲೂ, ಅಂದರೆ ಮುಂದಿನ ಸಲ ಕಾಫಿ ಇಳಿಸುವಾಗಲೂ, ಅದೇ ಜಾಗದಲ್ಲಿ ಚಿಮ್ಮಿತಾ ಅನ್ನುವುದು ಗೊತ್ತಾದರೆ ಕಾರಣ ಹಿಡಿಯಬಹುದು. ಈ ಬರಹ ಅದರ ಬಗ್ಗೆ.

ಒಳಗೆ ಆಗುವುದೇನು

ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರು ಕಾಫಿಪುಡಿಯ ಬಿಲ್ಲೆಯ ಮೇಲೆ ಬೀಳುತ್ತದೆ. ಈ ಬಿಲ್ಲೆಗೆ ಪಕ್ ಅಂತಾರೆ. ಪಕ್ ಎಲ್ಲ ಕಡೆ ಒಂದೇ ಹದದಲ್ಲಿ ಗಟ್ಟಿಯಾಗಿದ್ದರೆ ನೀರು ಎಲ್ಲ ಕಡೆ ಒಂದೇ ವೇಗದಲ್ಲಿ ಇಳಿಯುತ್ತದೆ. ಎಲ್ಲೋ ಒಂದು ಕಡೆ ಸಡಿಲ ಇದ್ದರೆ ನೀರು ಅತ್ತ ನುಗ್ಗುತ್ತದೆ. ಗದ್ದೆ ಬದುವಿನಲ್ಲಿ ಏಡಿ ತೂತು ಕೊರೆದರೆ ಆಗುವ ಹಾಗೆ: ನೀರೆಲ್ಲ ಅಲ್ಲಿಂದಲೇ ಹರಿದು, ಹರಿದಷ್ಟೂ ತೂತು ದೊಡ್ಡದಾಗುತ್ತದೆ. ಇದೇ ಚಾನೆಲಿಂಗ್.

ಆ ದಾರಿಯ ಪಕ್ಕದ ಪುಡಿಯಿಂದ ನೀರು ಅಗತ್ಯಕ್ಕಿಂತ ಜಾಸ್ತಿ ಎಳೆಯುತ್ತದೆ, ಅದು ಕಹಿ. ಉಳಿದ ಪುಡಿಯಿಂದ ಬರಬೇಕಾದಷ್ಟು ಬರುವುದಿಲ್ಲ, ಅದು ಹುಳಿ. ಹಾಗಾಗಿ ಚಾನೆಲಿಂಗ್ ಆದ ಶಾಟ್ ಹುಳಿಯೂ ಹೌದು, ಕಹಿಯೂ ಹೌದು, ನಡುವೆ ಸಿಹಿಯೇ ಇರುವುದಿಲ್ಲ. ಬರೀ ಹುಳಿ ಇದ್ದರೆ ಅಥವಾ ಬರೀ ಕಹಿ ಇದ್ದರೆ ಗ್ರೈಂಡ್, ಅಂದರೆ ಪುಡಿ ಎಷ್ಟು ಸಣ್ಣ ಅನ್ನುವುದನ್ನು, ಬದಲಿಸಿ ನೋಡಿ. ಎರಡೂ ಒಟ್ಟಿಗೆ ಬಂದರೆ ಮೊದಲು ಬಾಸ್ಕೆಟ್ಟಿನ ತಳ ನೋಡಿ.

ಮೊದಲು ಬಾಸ್ಕೆಟ್ ಯಾವುದು ನೋಡಿಕೊಳ್ಳಿ

ಮನೆ ಯಂತ್ರಗಳ ಜೊತೆ ಎಷ್ಟೋ ಸಲ ಎರಡು ಪದರದ ಬಾಸ್ಕೆಟ್ ಬರುತ್ತದೆ. ಒಳಗಿನ ಪದರದಲ್ಲಿ ನೂರಾರು ತೂತು, ಹೊರಗಿನದರಲ್ಲಿ ಒಂದೇ ತೂತು. ಅದನ್ನು ಹಾಕಿ ಬಾಟಮ್‌ಲೆಸ್‌ನಲ್ಲಿ ನೋಡಿದರೆ ಯಾವಾಗಲೂ ನಡುವಿನಿಂದ ಒಂದೇ ಧಾರೆ, ಯಾವಾಗಲೂ ನೊರೆ. ಓದಲಿಕ್ಕೆ ಅಲ್ಲಿ ಏನೂ ಇಲ್ಲ. ಬೆಳಕಿಗೆ ಹಿಡಿದಾಗ ತಳದ ತುಂಬ ತೂತು ಕಾಣುವ ಒಂದೇ ಪದರದ ಬಾಸ್ಕೆಟ್ ಬೇಕು.

ಇನ್ನೊಂದು ಮಾತು. ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿಪುಡಿ ಈ ಕೆಲಸಕ್ಕೆ ಆಗುವುದಿಲ್ಲ. ಚಿಕೋರಿ ನೀರಿನಲ್ಲಿ ಕಾಫಿಗಿಂತ ತುಂಬ ಜಾಸ್ತಿ ಕರಗಿ ಕಪ್ಪು ಬಣ್ಣ ಬಿಡುತ್ತದೆ. ಬಣ್ಣ ನೋಡಿ ಏನಾದರೂ ಹೇಳುವ ದಾರಿಯೇ ಮುಚ್ಚಿಹೋಗುತ್ತದೆ. ಬೀಜ ತಂದು ಆಗಿಂದಾಗ ಪುಡಿ ಮಾಡಿ. ಹುರಿದು ಒಂದು ವಾರ ಆಗಿರಲಿ, ಒಂದು ತಿಂಗಳು ದಾಟದಿರಲಿ.

ಅಳತೆ ಒಂದನ್ನು ಹಿಡಿದುಕೊಂಡು ಅದನ್ನು ಬದಲಿಸಬೇಡಿ. ನಾನು ಇಲ್ಲಿ 18 ಗ್ರಾಂ ಪುಡಿ, ಕಪ್ಪಿನಲ್ಲಿ 36 ಗ್ರಾಂ ಕಾಫಿ, ಪಂಪ್ ಶುರುವಾದಾಗಿನಿಂದ 25ರಿಂದ 30 ಸೆಕೆಂಡ್ ಅಂತ ಇಟ್ಟುಕೊಂಡಿದ್ದೇನೆ. ನಿಮ್ಮ ಬಾಸ್ಕೆಟ್ ಚಿಕ್ಕದಿದ್ದರೆ ಅದರ ಅಳತೆಗೆ ತಕ್ಕಂತೆ ಇಳಿಸಿ.

ಹಂತ 1: ಕಣ್ಣು ನಂಬಬೇಡಿ, ವಿಡಿಯೊ ಮಾಡಿ

ಮೊದಲ ಹತ್ತು ಸೆಕೆಂಡಿನಲ್ಲಿ ಆಗುವುದೆಲ್ಲ ಕಣ್ಣಿಗೆ ಸಿಗುವಷ್ಟು ನಿಧಾನವಲ್ಲ. ಫೋನನ್ನು ಸ್ಲೋ ಮೋಷನ್‌ಗೆ ಹಾಕಿ, ಯಂತ್ರದ ಮುಂದೆ ತಗ್ಗಿನಲ್ಲಿ, ಬಾಸ್ಕೆಟ್ಟಿನ ತಳ ಕಾಣುವ ಹಾಗೆ ಓರೆಯಾಗಿ ಒರಗಿಸಿ. ಸ್ವಲ್ಪ ದೂರ ಇರಲಿ, ಇಲ್ಲದಿದ್ದರೆ ಲೆನ್ಸಿನ ಮೇಲೆ ಕಾಫಿ ಬೀಳುತ್ತದೆ. ಪಕ್ಕದಿಂದ ಒಂದು ಬೆಳಕು ಬಿದ್ದರೆ ಬಣ್ಣ ಚೆನ್ನಾಗಿ ತಿಳಿಯುತ್ತದೆ. ಫೋನ್ ಇಡಲು ಜಾಗ ಸಾಲದಿದ್ದರೆ ಡ್ರಿಪ್ ಟ್ರೇ ಮೇಲೆ ಚಿಕ್ಕ ಕನ್ನಡಿ ಇಟ್ಟು ನೋಡಿ.

ಜಾಗ ಹೇಳಲು ಗಡಿಯಾರದ ಮುಳ್ಳಿನ ಲೆಕ್ಕ ಸುಲಭ. ಯಂತ್ರದ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಹಿಡಿಕೆ ನಿಮ್ಮ ಕಡೆ, ಅದು ಆರು ಗಂಟೆ. ಯಂತ್ರದ ಒಳಭಾಗ ಹನ್ನೆರಡು. ಎಡಗಡೆ ಒಂಬತ್ತು, ಬಲಗಡೆ ಮೂರು. ಕೆಳಗಿನಿಂದ ತೆಗೆದ ವಿಡಿಯೊದಲ್ಲಿ ಹಿಡಿಕೆ ಮೇಲ್ಗಡೆ ಕಾಣಬಹುದು, ಅದಕ್ಕೆ ಯಾವಾಗಲೂ ಹಿಡಿಕೆಯನ್ನೇ ಗುರುತಾಗಿ ಇಟ್ಟುಕೊಳ್ಳಿ. ಪ್ರತಿ ಶಾಟ್‌ಗೂ ಒಂದೇ ಸಾಲು ಬರೆದರೆ ಸಾಕು: ಮೊದಲ ಹನಿ ಎಲ್ಲಿ, ಒಣಜಾಗ ಎಲ್ಲಿ, ಪಿಚಕಾರಿ ಎಲ್ಲಿ ಮತ್ತು ಎಷ್ಟನೇ ಸೆಕೆಂಡಿಗೆ, ಬಣ್ಣ ಬಿಳಿಚಿದ್ದು ಎಲ್ಲಿ ಮತ್ತು ಯಾವಾಗ.

ಹಂತ 2: ಮೊದಲ ಹನಿಗಳು

ಒಳ್ಳೆಯ ಶಾಟ್‌ನಲ್ಲಿ ತಳದ ತುಂಬ ಕಪ್ಪು ಕಂದು ಹನಿಗಳು ಹೆಚ್ಚುಕಡಿಮೆ ಒಟ್ಟಿಗೇ ಮೂಡುತ್ತವೆ. ಅಂಚಿನಲ್ಲಿ ಒಂದೆರಡು ಸೆಕೆಂಡ್ ಮೊದಲು ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಆಮೇಲೆ ಹನಿಗಳು ಕೂಡಿಕೊಂಡು ನಡುವಿಗೆ ಸರಿದು ಒಂದೇ ಧಾರೆಯಾಗಿ ಇಳಿಯಬೇಕು.

ಒಂದೇ ಪಕ್ಕದಲ್ಲಿ ಹನಿ ಮೂಡಿ, ಎದುರು ಪಕ್ಕ ಇನ್ನೂ ಮೂರು ನಾಲ್ಕು ಸೆಕೆಂಡ್ ಒಣಗಿದ್ದರೆ ಎರಡು ಸಾಧ್ಯತೆ. ಪಕ್ ಆ ಕಡೆ ತೆಳ್ಳಗಿದೆ ಅಥವಾ ಸಡಿಲ ಇದೆ, ಅಂದರೆ ಪುಡಿ ಸಮ ಹರಡಿಲ್ಲ ಅಥವಾ ಪುಡಿ ಒತ್ತಿ ಕೂರಿಸುವ ಟ್ಯಾಂಪ್ ಓರೆಯಾಗಿದೆ. ಇಲ್ಲವೇ ನೀರೇ ಆ ಕಡೆ ಮೊದಲು ಬೀಳುತ್ತಿದೆ. ಯಾವುದು ಅನ್ನುವುದಕ್ಕೆ ಐದನೇ ಹಂತ ಇದೆ.

ಸುತ್ತ ಬಳೆಯ ಹಾಗೆ ಕಾಫಿ ಬಂದು ನಡು ಒಣಗಿದ್ದರೆ, ಮತ್ತು ಹತ್ತು ಸೆಕೆಂಡ್ ಕಳೆದರೂ ಹಾಗೇ ಇದ್ದರೆ, ನೀರು ಬಾಸ್ಕೆಟ್ಟಿನ ಗೋಡೆ ಹಿಡಿದು ಇಳಿಯುತ್ತಿದೆ ಅಂತ ಅರ್ಥ. ಟ್ಯಾಂಪರ್ ಬಾಸ್ಕೆಟ್ಟಿಗಿಂತ ಚಿಕ್ಕದಿದ್ದು ಅಂಚಿನ ಪುಡಿ ಒತ್ತಿಕೊಳ್ಳದೆ ಉಳಿಯುವುದು ಒಂದು ಕಾರಣ. ಗ್ರೈಂಡರಿನಿಂದ ಬಿದ್ದ ಪುಡಿ ನಡುವೆ ಗುಡ್ಡೆಯಾಗಿ, ಅದನ್ನು ಹಾಗೇ ಒತ್ತಿಬಿಡುವುದು ಇನ್ನೊಂದು. ಟ್ಯಾಂಪ್ ಆದ ಮೇಲೆ ಪೋರ್ಟಾಫಿಲ್ಟರನ್ನು ಪಕ್ಕಕ್ಕೆ ತಟ್ಟುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಅದರಿಂದ ಅಂಚು ಬಿರುಕು ಬಿಡುತ್ತದೆ.

ಪುಡಿ ಜಾಸ್ತಿ ತುಂಬಿದ್ದರೂ ಎಡವಟ್ಟೇ. ಬಾಸ್ಕೆಟ್ ಲಾಕ್ ಮಾಡುವಾಗಲೇ ಪಕ್ಕಿನ ಮೇಲ್ಮೈ ಮೇಲಿನಿಂದ ನೀರು ಸುರಿಯುವ ಜಾಲರಿಗೆ, ಅಂದರೆ ಶವರ್ ಸ್ಕ್ರೀನಿಗೆ, ಉಜ್ಜಿ ಒಡೆಯುತ್ತದೆ. ಪರೀಕ್ಷೆ ಸುಲಭ: ಟ್ಯಾಂಪ್ ಆದ ಪುಡಿಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಪಂಪ್ ಹಾಕದೆ ಲಾಕ್ ಮಾಡಿ ಬಿಚ್ಚಿ. ನಾಣ್ಯ ಪುಡಿಯೊಳಗೆ ಒತ್ತಿಕೊಂಡಿದ್ದರೆ ಅರ್ಧ ಗ್ರಾಂ, ಒಂದು ಗ್ರಾಂ ಇಳಿಸಿ. ನಾಣ್ಯ ತೆಗೆಯುವುದನ್ನು ಮಾತ್ರ ಮರೆಯಬೇಡಿ!

ಹಂತ 3: ಪಿಚಕಾರಿ

ಕೂದಲೆಳೆಯಷ್ಟು ಸಣ್ಣ ಎಳೆ ಒಂದು ತೂತಿನಿಂದ ಓರೆಯಾಗಿ ಹಾರುವುದು ಚಾನೆಲಿಂಗ್‌ನ ಅತಿ ಸ್ಪಷ್ಟ ಗುರುತು. ಆದರೆ ಎಲ್ಲ ಪಿಚಕಾರಿಗೂ ಒಂದೇ ತೂಕ ಇಲ್ಲ.

ಒತ್ತಡ ಏರುತ್ತಿದ್ದ ಹಾಗೇ, ಅಂದರೆ ಹತ್ತು ಹನ್ನೆರಡು ಸೆಕೆಂಡಿನೊಳಗೆ ಹಾರಿದರೆ ಪಕ್ ಒದ್ದೆಯಾಗುವಾಗಲೇ ಬಿರುಕು ಬಿಟ್ಟಿದೆ. ಆ ಶಾಟ್ ಪೂರ್ತಿ ಅದೇ ಬಿರುಕಿನಲ್ಲಿ ಹರಿಯುತ್ತದೆ. ಇದಕ್ಕೆ ಮುಖ್ಯ ಕಾರಣ ಪುಡಿಯ ಗಂಟುಗಳು. ಎಳೆ ಹಾರುವ ಜಾಗ ಪ್ರತಿ ಶಾಟ್‌ಗೂ ಬೇರೆಬೇರೆ ಇದ್ದರೆ ಗಂಟುಗಳದ್ದೇ ಕೆಲಸ ಅಂತ ಹೆಚ್ಚುಕಡಿಮೆ ಖಚಿತ.

ಕೊನೆಯ ಐದಾರು ಸೆಕೆಂಡಿನಲ್ಲಿ ಒಂದೆರಡು ಹಾರಿದರೆ ಬಿಡಿ. ಆ ಹೊತ್ತಿಗೆ ಪುಡಿಯಿಂದ ಬರಬೇಕಾದ್ದು ಬಂದಾಗಿದೆ. ಕಟ್ಟೆ ಒರೆಸುವ ಕೆಲಸ ಅಷ್ಟೇ.

ಮೂರನೆಯದು ಪಿಚಕಾರಿಯೇ ಅಲ್ಲ. ನಿನ್ನೆ ಮೊನ್ನೆ ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ತಳದ ತುಂಬ ಗುಳ್ಳೆ, ದಪ್ಪ ನೊರೆ, ಅಲ್ಲಲ್ಲಿ ಪಟಪಟ ಸಿಡಿತ. ಒಂದು ಜಾಗ ಅಂತ ಇರುವುದಿಲ್ಲ. ಟ್ಯಾಂಪ್ ಸರಿಮಾಡುತ್ತ ಕೂರುವ ಬದಲು ಆ ಬೀಜಕ್ಕೆ ಇನ್ನೊಂದು ವಾರ ಬಿಡಿ.

ಹಂತ 4: ಬಣ್ಣ

ಮೊದಲು ಕಪ್ಪಿಗೆ ಹತ್ತಿರದ ಕಂದು, ಆಮೇಲೆ ಕಂದು ಮತ್ತು ಜೇನಿನ ಬಣ್ಣದ ಪಟ್ಟೆಗಳು, ಕೊನೆಗೆ ತಿಳಿ ಹಳದಿ. ಈ ಕೊನೆಯ ಹಂತವನ್ನು ಬ್ಲಾಂಡಿಂಗ್ ಅಂತಾರೆ, ನಾನು ಬಿಳಿಚುವುದು ಅಂತಲೇ ಹೇಳುತ್ತೇನೆ. ಬಿಳಿಚಿದ ಕಡೆ ನೀರಿಗೆ ಕರಗಲು ಜಾಸ್ತಿ ಉಳಿದಿಲ್ಲ.

ಇಲ್ಲೂ ನೋಡಬೇಕಾದ್ದು ಜಾಗ. ಇಡೀ ತಳ ಒಟ್ಟಿಗೆ, ಹದಿನೈದನೇ ಸೆಕೆಂಡಿಗೇ ಬಿಳಿಚಿದರೆ ಪುಡಿ ದಪ್ಪ, ಗ್ರೈಂಡ್ ಸ್ವಲ್ಪ ಸಣ್ಣ ಮಾಡಿ. ಇದು ಚಾನೆಲಿಂಗ್ ಅಲ್ಲ. ಬೇರೆಲ್ಲ ಕಡು ಕಂದು ಇರುವಾಗ ಒಂದೇ ಕಡೆ ತಿಳಿಯಾದ ಪಟ್ಟೆ ಮೂಡಿದರೆ ನೀರು ಅಲ್ಲೇ ನುಗ್ಗುತ್ತಿದೆ, ಆ ಜಾಗದ ಪುಡಿ ಆಗಲೇ ಖಾಲಿ. ಪಿಚಕಾರಿ ಹಾರದೇ ಇದ್ದರೂ ಇದು ಚಾನೆಲ್ಲೇ. ಸದ್ದಿಲ್ಲದ ಈ ಬಗೆಯನ್ನು ಹೆಚ್ಚಿನವರು ಕಂಡೇ ಇಲ್ಲ, ಯಾಕೆಂದರೆ ಧಾರೆ ನೋಡಲು ಚೆನ್ನಾಗೇ ಇರುತ್ತದೆ. ಇನ್ನು ಮೂವತ್ತೈದು ನಲವತ್ತು ಸೆಕೆಂಡಾದರೂ ಕಪ್ಪು ಹನಿ ತೊಟ್ಟಿಕ್ಕುತ್ತಲೇ ಇದ್ದರೆ ಪುಡಿ ತೀರ ಸಣ್ಣ.

ಬಣ್ಣವನ್ನು ಒಂದೇ ಬೀಜದ ಎರಡು ಶಾಟ್‌ಗಳ ನಡುವೆ ಮಾತ್ರ ಹೋಲಿಸಿ. ಕೊಡಗಿನ ರೋಬಸ್ಟಾ ಬೆರೆತಿದ್ದರೆ ಕಾಫಿಯ ಮೇಲಿನ ನೊರೆ, ಅಂದರೆ ಕ್ರೆಮಾ, ದಪ್ಪಗೆ, ಕಡು ಬಣ್ಣಕ್ಕೆ ಬರುತ್ತದೆ. ಚಿಕ್ಕಮಗಳೂರಿನ ಅರೇಬಿಕಾವನ್ನು ತೆಳುವಾಗಿ ಹುರಿದಿದ್ದರೆ ಬೇಗ ತಿಳಿಯಾಗುತ್ತದೆ, ಅದು ತಪ್ಪಲ್ಲ.

ಹಂತ 5: ಬಾಸ್ಕೆಟ್ ತಿರುಗಿಸುವ ಪರೀಕ್ಷೆ

ಇಡೀ ಬರಹದಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ತೊಂದರೆ ಶಾಟ್ ಶಾಟ್‌ಗೂ ಜಾಗ ಬದಲಿಸುತ್ತಿದ್ದರೆ ಈ ಹಂತ ಬೇಡ, ನೇರ ಮುಂದಿನ ಹಂತಕ್ಕೆ ಹೋಗಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ತಪ್ಪು ನಿಮ್ಮ ಕೈಯದೋ, ಬಾಸ್ಕೆಟ್ಟಿನದೋ, ಯಂತ್ರದ್ದೋ ಅಂತ ಬೇರೆ ಮಾಡಬೇಕು.

ಬಾಸ್ಕೆಟ್ಟಿನ ಅಂಚಿಗೆ ಮಾರ್ಕರಿನಲ್ಲಿ ಒಂದು ಚುಕ್ಕೆ ಇಡಿ. ಪೋರ್ಟಾಫಿಲ್ಟರಿನ ಒಳಗಿನ ಸ್ಪ್ರಿಂಗ್ ತಂತಿ ತೆಗೆಯಿರಿ, ಆಗ ಬಾಸ್ಕೆಟ್ ಸಲೀಸಾಗಿ ತಿರುಗುತ್ತದೆ. ಎಂದಿನ ಹಾಗೆ ಪುಡಿ ಹಾಕಿ, ಹರಡಿ, ಟ್ಯಾಂಪ್ ಮಾಡಿ. ಲಾಕ್ ಮಾಡುವ ಮುಂಚೆ ಬಾಸ್ಕೆಟ್ಟನ್ನು ಕೆಳಗಿನಿಂದ ಬೆರಳಲ್ಲಿ ಸ್ವಲ್ಪ ಎತ್ತಿ, ಪಕ್ ಅಲುಗದಂತೆ ಅರ್ಧ ಸುತ್ತು ತಿರುಗಿಸಿ ಕೂರಿಸಿ. ಈಗ ಶಾಟ್ ತೆಗೆಯಿರಿ.

ಹತ್ತು ಗಂಟೆಯಲ್ಲಿದ್ದ ತೊಂದರೆ ನಾಲ್ಕು ಗಂಟೆಗೆ ಹೋಯಿತಾ? ಹಾಗಿದ್ದರೆ ಅದು ಪಕ್ ಜೊತೆ ತಿರುಗಿದೆ, ಯಂತ್ರ ನಿರಪರಾಧಿ. ಹತ್ತರಲ್ಲೇ ಉಳಿಯಿತಾ? ಹಾಗಿದ್ದರೆ ಪಕ್ ಹೇಗಿದ್ದರೂ ಯಂತ್ರ ಅಲ್ಲೇ ಕೆಡಿಸುತ್ತಿದೆ.

ಪಕ್ ಜೊತೆ ತಿರುಗಿದ್ದರೆ ಇನ್ನೊಂದು ಶಾಟ್ ಬೇಕು. ಈ ಸಲ ಖಾಲಿ ಬಾಸ್ಕೆಟ್ಟನ್ನೇ ಮೊದಲು ತಿರುಗಿಸಿಟ್ಟು, ಆಮೇಲೆ ಪುಡಿ ಹಾಕಿ ಟ್ಯಾಂಪ್ ಮಾಡಿ. ತೊಂದರೆ ಚುಕ್ಕೆಯ ಜೊತೆ ಹೋದರೆ ಬಾಸ್ಕೆಟ್ಟಿನ ಕೆಲವು ತೂತು ಮುಚ್ಚಿವೆ, ತೊಳೆಯಿರಿ. ಹಳೆಯ ಜಾಗಕ್ಕೇ ಬಂದರೆ ನಿಮ್ಮ ಟ್ಯಾಂಪ್ ಯಾವಾಗಲೂ ಒಂದೇ ಕಡೆ ವಾಲುತ್ತಿದೆ, ಅಥವಾ ಗ್ರೈಂಡರ್ ಪುಡಿಯನ್ನು ಯಾವಾಗಲೂ ಒಂದೇ ಕಡೆ ಸುರಿಯುತ್ತಿದೆ.

ನೋಡಿ ಆದ ಮೇಲೆ ಸ್ಪ್ರಿಂಗ್ ವಾಪಸ್ ಹಾಕಿ. ಇಲ್ಲದಿದ್ದರೆ ಪಕ್ ಕೊಡವುವಾಗ ಬಾಸ್ಕೆಟ್ಟೂ ಕಸದ ಡಬ್ಬಿಗೆ ಹೋಗುತ್ತದೆ.

ಹಂತ 6: ಸರಿಮಾಡುವುದು, ಒಂದು ಸಲಕ್ಕೆ ಒಂದೇ

ಗಂಟುಗಳಿಗೆ ಸೂಜಿ. ಇದಕ್ಕೆ ವೈಸ್ ಡಿಸ್ಟ್ರಿಬ್ಯೂಷನ್ ಟೆಕ್ನಿಕ್ ಅಂತ ಹೆಸರು, ಜಾನ್ ವೈಸ್ ಎಂಬ ಹವ್ಯಾಸಿಯ ಹೆಸರಿನಿಂದ ಬಂದದ್ದು. 0.3ರಿಂದ 0.4 ಮಿಲಿಮೀಟರ್ ದಪ್ಪದ ನಾಲ್ಕೈದು ಸೂಜಿ ಬೇಕು. ಮೊದಲು ತಳ ಮುಟ್ಟುವವರೆಗೆ ಇಳಿಸಿ ಸಣ್ಣ ಸಣ್ಣ ಸುತ್ತಿನಲ್ಲಿ ಕಲಕಿ, ನಿಧಾನವಾಗಿ ಮೇಲೆ ಬನ್ನಿ, ಕೊನೆಗೆ ಮೇಲ್ಮೈ ಮಾತ್ರ ಸಮ ಮಾಡಿ. ಮೇಲಷ್ಟೇ ಕೆರೆದರೆ ಉಪಯೋಗ ಇಲ್ಲ, ಗಂಟು ಇರುವುದು ಕೆಳಗೆ. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬರಿನ ತಂತಿ, ದಪ್ಪ ಹೊಲಿಗೆ ಸೂಜಿ ಎರಡೂ ಆಗುವುದಿಲ್ಲ. ಒಂದು ಬಾಗುತ್ತದೆ, ಇನ್ನೊಂದು ಪುಡಿಯಲ್ಲಿ ಸಾಲು ಕೊರೆಯುತ್ತದೆ.

ಫೆಬ್ರವರಿ, ಮಾರ್ಚಿನಲ್ಲಿ ಇಲ್ಲಿನ ಗಾಳಿ ಒಣಗಿರುತ್ತದೆ. ಆಗ ಗ್ರೈಂಡರಿನಲ್ಲಿ ಸ್ಥಾಯಿ ವಿದ್ಯುತ್ ಜಾಸ್ತಿಯಾಗಿ ಗಂಟುಗಳೂ ಜಾಸ್ತಿ. ಬೀಜ ಹಾಕುವ ಮುಂಚೆ ಒಂದೆರಡು ಹನಿ ನೀರು ಸಿಂಪಡಿಸಿ ಕಲಕಿದರೆ ಇದು ಎದ್ದು ಕಾಣುವಷ್ಟು ಕಮ್ಮಿಯಾಗುತ್ತದೆ.

ಟ್ಯಾಂಪಿನಲ್ಲಿ ಬಲಕ್ಕಿಂತ ಸಮತಟ್ಟು ಮುಖ್ಯ. ಪುಡಿ ಇನ್ನು ಕುಸಿಯುವುದಿಲ್ಲ ಅನ್ನಿಸಿದಾಗ ನಿಲ್ಲಿಸಿ. ಟ್ಯಾಂಪರಿನ ಅಂಚಿನ ಸುತ್ತ ಬೆರಳಾಡಿಸಿ, ಬಾಸ್ಕೆಟ್ಟಿನ ಅಂಚಿನಿಂದ ಆಳ ಎಲ್ಲ ಕಡೆ ಒಂದೇ ಇದೆಯಾ ನೋಡಿ.

ಗ್ರೈಂಡಿನದು ಮಾತ್ರ ಸ್ವಲ್ಪ ಉಲ್ಟಾ. ಶಾಟ್ ಬೇಗ ಹರಿದರೆ ಪುಡಿ ಸಣ್ಣ ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ಚಾನೆಲಿಂಗ್‌ನಿಂದ ಬೇಗ ಹರಿಯುತ್ತಿದ್ದರೆ ಸಣ್ಣ ಮಾಡಿದಷ್ಟೂ ಕೆಡುತ್ತದೆ, ಯಾಕೆಂದರೆ ಪಕ್ ಗಟ್ಟಿಯಾದಷ್ಟೂ ನೀರು ಬಿರುಕನ್ನೇ ಹುಡುಕುತ್ತದೆ. ಒಂದು ಮಿತಿಗಿಂತ ಸಣ್ಣ ಮಾಡಿದರೆ ಕಾಫಿಯಿಂದ ಬರುವ ಸತ್ವ ಕಮ್ಮಿಯಾಗುತ್ತದೆ ಅಂತ ಒರೆಗಾನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಹೆಂಡನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಗುರುತು ಇದು: ಪುಡಿ ಸಣ್ಣ ಮಾಡಿದಿರಿ, ಸಮಯ ಏರಬೇಕಿತ್ತು, ಏರಲಿಲ್ಲ ಅಥವಾ ಇಳಿಯಿತು. ಆಗ ತಕ್ಷಣ ಗ್ರೈಂಡರಿನಲ್ಲಿ ಒಂದೆರಡು ಗೆರೆ ದಪ್ಪದ ಕಡೆ ವಾಪಸ್ ಬನ್ನಿ.

ಒಂದು ಕೇಸು, ಮೊದಲಿನಿಂದ ಕೊನೆವರೆಗೆ

ರಾಜಾಜಿನಗರದ ಒಬ್ಬ ಗೆಳೆಯನ ಮನೆ. 58 ಮಿಲಿಮೀಟರ್ ಬಾಸ್ಕೆಟ್, ಚಿಕ್ಕಮಗಳೂರಿನ ಅರೇಬಿಕಾ, ಮಧ್ಯಮ ಹುರಿ, ಹುರಿದು ಎರಡು ವಾರ. 18 ಗ್ರಾಂ ಹಾಕಿ 36 ಗ್ರಾಂ ತೆಗೆದರೆ 24 ಸೆಕೆಂಡ್ ಬರುತ್ತಿತ್ತು. ರುಚಿ ಹುಳಿ, ಹಿಂದೆಯೇ ನಾಲಿಗೆ ಒಣಗಿಸುವ ಕಹಿ. ಅವನು ಗ್ರೈಂಡ್ ಎರಡು ಗೆರೆ ಸಣ್ಣ ಮಾಡಿದ. ಸಮಯ 21ಕ್ಕೆ ಇಳಿಯಿತು. "ಗ್ರೈಂಡರ್ ಕೆಟ್ಟಿದೆ ಮಾರಾಯ, ಹೊಸದು ತಗೋತೀನಿ" ಅಂದ.

ವಿಡಿಯೊದಲ್ಲಿ ಕಂಡದ್ದು: ಹತ್ತು ಗಂಟೆಯಲ್ಲಿ, ಅಂದರೆ ಎಡಗಡೆ ಹಿಂದೆ, ಐದನೇ ಸೆಕೆಂಡಿಗೆ ಮೊದಲ ಹನಿ. ಬಲಗಡೆ ಒಂಬತ್ತನೇ ಸೆಕೆಂಡಿನವರೆಗೂ ಒಣ. ಎಂಟನೇ ಸೆಕೆಂಡಿಗೆ ಮೂರು ಕಡೆ ಪಿಚಕಾರಿ. ಹನ್ನೆರಡನೇ ಸೆಕೆಂಡಿಗೆ ಹತ್ತು ಗಂಟೆಯ ಜಾಗ ಬಿಳಿಚಿತು, ಬಲಗಡೆ ಇನ್ನೂ ಕಪ್ಪು ಕಂದು.

ಸಣ್ಣ ಮಾಡಿದಾಗ ಸಮಯ ಇಳಿದಿತ್ತಲ್ಲ, ಅದಕ್ಕೆ ಮೊದಲು ಗ್ರೈಂಡನ್ನು ಹಳೆಯ ಗೆರೆಗೆ ತಂದೆವು. ಮುಂದಿನ ಶಾಟ್‌ಗೆ ಸೂಜಿಯಿಂದ ತಳದವರೆಗೆ ಕಲಕಿದೆವು. ಎರಡು ಪಿಚಕಾರಿ ಹೋದವು. ಹತ್ತು ಗಂಟೆಯದು ಮಾತ್ರ ಹಾಗೇ ಇತ್ತು. ಅಂದರೆ ಎರಡು ಬೇರೆ ಬೇರೆ ತೊಂದರೆ ಒಂದರ ಮೇಲೊಂದು ಕೂತಿದ್ದವು. ಒಂದು ಗಂಟಿನದು, ಇನ್ನೊಂದು ಏನೋ.

ಟ್ಯಾಂಪ್ ಆದ ಬಾಸ್ಕೆಟ್ ಅರ್ಧ ಸುತ್ತು ತಿರುಗಿಸಿ ತೆಗೆದೆವು. ತೊಂದರೆ ಹತ್ತರಲ್ಲೇ. ಗ್ರೈಂಡರ್, ಟ್ಯಾಂಪ್, ಬಾಸ್ಕೆಟ್ ಮೂರೂ ಪಾರಾದವು. ಪೋರ್ಟಾಫಿಲ್ಟರ್ ತೆಗೆದು ಸುಮ್ನೆ ನೀರು ಬಿಟ್ಟು ನೋಡಿದರೆ, ಎಡಗಡೆಯಿಂದ ನೀರು ಧೋ ಅಂತ ಬೀಳುತ್ತಿತ್ತು, ಬಲಗಡೆ ಬರೀ ತೊಟ್ಟಿಕ್ಕುತ್ತಿತ್ತು. ಸ್ಕ್ರೂ ಬಿಚ್ಚಿ ಶವರ್ ಸ್ಕ್ರೀನ್ ತೆಗೆದಾಗ ಬಲಭಾಗದ ತೂತುಗಳಲ್ಲಿ ಬಿಳಿ ಪೊರೆ ಮತ್ತು ಕಾಫಿ ಎಣ್ಣೆಯ ಕರಿ ಜಿಡ್ಡು. ಅವನ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು, ಅದನ್ನೇ ಯಂತ್ರಕ್ಕೂ ಹಾಕುತ್ತಿದ್ದ. ಪಕ್ಕಿನ ಎಡಭಾಗ ಮೊದಲು ಒದ್ದೆಯಾಗಿ, ಬಲಭಾಗ ನೆನೆಯುವ ಮುಂಚೆಯೇ ಎಡಗಡೆ ದಾರಿ ಬಿದ್ದಿರುತ್ತಿತ್ತು.

ಸ್ಕ್ರೀನ್ ಸ್ಟೇನ್‌ಲೆಸ್ ಸ್ಟೀಲಿನದಾದ್ದರಿಂದ ಬಿಸಿನೀರಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಹಾಕಿ ಅರ್ಧ ಗಂಟೆ ನೆನೆಸಿದೆವು. ಜಿಡ್ಡಿಗೆ ಅದು ಕೆಲಸ ಮಾಡುವುದಿಲ್ಲ, ಎಸ್ಪ್ರೆಸ್ಸೊ ಯಂತ್ರ ತೊಳೆಯುವ ಪುಡಿಯಲ್ಲಿ ಬೇರೆಯಾಗಿ ನೆನೆಸಿ ಬ್ರಷ್ ಹಾಕಬೇಕಾಯಿತು. ಯಂತ್ರದ ಬಾಯ್ಲರಿಗೆ ಮಾತ್ರ ಕೈಪಿಡಿ ನೋಡದೆ ಇದನ್ನು ಸುರಿಯಬೇಡಿ, ಅಲ್ಯೂಮಿನಿಯಂ ಇದ್ದರೆ ಆಸಿಡ್ ಅದನ್ನು ತಿನ್ನುತ್ತದೆ. ಮತ್ತೆ ಜೋಡಿಸಿ ತೆಗೆದ ಶಾಟ್ 27 ಸೆಕೆಂಡಿಗೆ 36 ಗ್ರಾಂ. ಹನಿ ಎಲ್ಲ ಕಡೆ ಆರು ಏಳನೇ ಸೆಕೆಂಡಿಗೆ ಮೂಡಿತು, ಬಿಳಿಚಿದ್ದು ಇಪ್ಪತ್ತಾರರ ಹತ್ತಿರ. ಕಹಿ ಹೋಗಿತ್ತು, ಹುಳಿ ಕಿತ್ತಳೆಯಷ್ಟಕ್ಕೆ ಇಳಿದಿತ್ತು. ಗ್ರೈಂಡರ್ ಅದೇ ಹಳೆಯದು.

ತಳ ಹೇಳದೇ ಇರುವುದು

ತಳ ನೋಡಿದರೆ ಹರಿವು ಸಮ ಇದೆಯಾ ಅಂತ ಗೊತ್ತಾಗುತ್ತದೆ, ಅಷ್ಟೇ. ನೀರು ತಣ್ಣಗಿದ್ದರೂ, ಬೀಜ ಹಳಸಿದ್ದರೂ, ಹುರಿ ಸುಟ್ಟಿದ್ದರೂ ಧಾರೆ ಚಂದವಾಗಿಯೇ ಬರಬಹುದು. ಪಕ್ಕಿನ ಮೇಲ್ಭಾಗದಲ್ಲಿ ಆದ ಸಣ್ಣ ಚಾನೆಲ್ ಕೆಳಗೆ ಬರುವಷ್ಟರಲ್ಲಿ ಹರಡಿ ಮಾಯವಾಗುವುದೂ ಉಂಟು. ಹಾಗಾಗಿ ತಳ ಸರಿಯಿದ್ದೂ ರುಚಿ ಕೆಟ್ಟಿದ್ದರೆ ಸೂಜಿ, ಟ್ಯಾಂಪ್ ಎಲ್ಲ ಬದಿಗಿಟ್ಟು ಮೊದಲು ಬೀಜದ ದಿನಾಂಕ, ಆಮೇಲೆ ನೀರಿನ ಬಿಸಿ ನೋಡಿ. ಒಂದು ಪಿಚಕಾರಿ ಹಾರಿಯೂ ಕಾಫಿ ರುಚಿಯಾಗಿದ್ದರೆ ಕುಡಿಯಿರಿ, ಏನನ್ನೂ ಬದಲಿಸಬೇಡಿ.